ಮುಂದೆ ಹೋಗದ ಕತೆ

ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಇಂಡಿ ಊರಿನ ನಿಂಬೆಹಣ್ಣಿನ ಶೆಡ್ಡಿನಲ್ಲಿ ಚಂದವ್ವ ರೊಟ್ಟಿ ಮುರಿಯುತ್ತ ಹಿಂದಿನ ದಿನದ ಧಾರಾವಾಹಿ ಹೇಳುತ್ತಿದ್ದಳು. ಹಣ್ಣು ಆರಿಸುವ ಉಳಿದ ಹೆಂಗಸರು ಸಂಜೆ ಆ ಹೊತ್ತಿಗೆ ಒಲೆ ಮುಂದಿರುತ್ತಿದ್ದರು. ನೋಡಿ ಬಂದು ಹೇಳುವುದು ಚಂದವ್ವನ ಪಾಲಿನ ಕೆಲಸ.

“ಗಂಗಾ ಮೆಟ್ಲ ಮ್ಯಾಲಿಂದ ಬಿದ್ಲು. ಕಣ್ಣ ತೆರದು ಗಂಡಗ, ನೀವ್ಯಾರು ಅಂದ್ಲು.”

“ನಮಗೂ ಹಂಗ ಅನ್ನಾಕ ಬಂದಿದ್ರ ಛಲೋ ಇತ್ತು,” ಎಂದಳು ರಾಜಬಿ. ಎಲ್ಲರೂ ನಕ್ಕರು.

ಚಂದವ್ವನಿಗೆ ಈ ಆಟಗಳೆಲ್ಲ ಗೊತ್ತಿದ್ದವು. ಹೆಣ ತೋರಿಸದಿದ್ದರೆ ಸತ್ತಿಲ್ಲ. ನಟಿ ಬಿಟ್ಟುಹೋದರೆ ಪಾತ್ರಕ್ಕೆ ಅಪಘಾತ, ಮುಖಕ್ಕೆ ಬ್ಯಾಂಡೇಜು, ಬಿಚ್ಚಿದರೆ ಹೊಸ ನಟಿ. ಅವಳಿಗಳು ಎದುರುಬದುರಾದರೆ, ಬೆನ್ನು ಕಾಣುವಾಕೆ ಬೇರೆ ಹುಡುಗಿ. ನೋಡುವವರು ಕಡಿಮೆಯಾದರೆ ಪುನರ್ಜನ್ಮ.

ಬುಧವಾರವೂ ಗಂಗಾ ಬಿದ್ದಳು. ಗುರುವಾರವೂ ಬಿದ್ದಳು. ಹಿಂದೊಮ್ಮೆ ಬಿದ್ದಿದ್ದವಳನ್ನು ಮತ್ತೆ ಬೀಳಿಸುತ್ತಿದ್ದಾರೆ, ಧಾರಾವಾಹಿ ಎಂದರೆ ಎಳೆಯುವುದೇ ಎಂದು ಶೆಡ್ಡು ನಗುತ್ತಲೇ ಇತ್ತು. ಪಕ್ಕದಲ್ಲಿ ಕೂರುವ ಗುರವ್ವನೂ ನಕ್ಕಳು. ಆ ಸಂಜೆ ಅವಳು ಮಗನ ಫೋನಿನಲ್ಲಿ ತಾನೇ ನೋಡಿದಳು. ಗಂಗಾ ಮತ್ತೆ ಬಿದ್ದೇ ಇರಲಿಲ್ಲ, ಅವಳಿಗೆ ನೆನಪು ಮರಳಿ ತಿಂಗಳುಗಳೇ ಆಗಿದ್ದವು. ಈಗ ಅವಳ ತಂಗಿಯ ಮದುವೆ ನಡೆಯುತ್ತಿತ್ತು. ಗುರವ್ವ ಫೋನನ್ನು ಬೋರಲು ಹಾಕಿದಳು.

ಅವಳು ಹೇಳಿಕಳಿಸಿದ ಮೇಲೆ ಚಂದವ್ವನ ಮಗಳು ಭುವನೇಶ್ವರಿ ಸಿಂದಗಿಯಿಂದ ಬಂದಳು. ಮೂವರೂ ವಿಜಯಪುರದ ಡಾಕ್ಟರ ಬಳಿ ಹೋದರು.

“ಮತ್ತೊಮ್ಮೆ ತಲಿಗೆ ಪೆಟ್ಟ ಬಿದ್ರ ನೆನಪ ಬರ್ತೈತೇನ್ರಿ?” ಗುರವ್ವ ಕೇಳಿಯೇ ಬಿಟ್ಟಳು.

ಡಾಕ್ಟರು ನಗಲಿಲ್ಲ. ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಆ ಹೊತ್ತಿನ ಆಸುಪಾಸಿನದನ್ನು, ತಾವು ಯಾರೆಂಬುದನ್ನಲ್ಲ. ಎರಡನೆಯ ಪೆಟ್ಟು ಇನ್ನಷ್ಟು ಕೆಡಿಸುತ್ತದೆ. ಇವರಿಗೆ ಪೆಟ್ಟೇ ಬಿದ್ದಿಲ್ಲ. ಮಿದುಳಿನ ಕೋಶಗಳು ಸಾಯುತ್ತಿವೆ, ಹೊಸದು ನಿಲ್ಲುವುದಿಲ್ಲ, ಹಳೆಯದು ಕೊನೆಗೆ ಹೋಗುತ್ತದೆ. ಮಾತ್ರೆ ಸ್ವಲ್ಪ ತಡೆಯಬಹುದು, ಮರಳಿಸುವುದಿಲ್ಲ ಎಂದರು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮಗಳು ಊಟ ಬಡಿಸಿದಾಗ ಚಂದವ್ವ ಅವಳ ಮುಖವನ್ನೇ ನೋಡಿದಳು.

“ನನ್ನ ಭುವಿಯಂಗ ಅದೀ. ಆದ್ರ ಆಕಿ ಅಲ್ಲ ನೀ. ಆಕಿ ಅವಳಿ-ಜವಳಿ ಏನ್?”

ಅವ್ವ ಮೊದಲಿನಂತೆ ಚೇಷ್ಟೆ ಮಾಡುತ್ತಿದ್ದಾಳೆಂದು ಭುವನೇಶ್ವರಿ ನಕ್ಕಳು. ಚಂದವ್ವ ತಾಟು ದೂಡಿದಳು. “ನನ್ನ ಮಗಳನ್ನ ಎಲ್ಲಿ ಇಟ್ಟೀರಿ?”

ತಮ್ಮವರ ಬದಲು ಅವರಂತೆಯೇ ಕಾಣುವವರು ಬಂದಿದ್ದಾರೆಂದು ಈ ರೋಗದಲ್ಲಿ ಕೆಲವರಿಗೆ ಅನ್ನಿಸುತ್ತದೆ, ವಾದ ಮಾಡಬೇಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅಂದಿನಿಂದ ಭುವನೇಶ್ವರಿ “ಭುವಿ ಬರ್ತಾಳ್ರಿ, ಅಲ್ಲೀತನಕ ನಾ ಉಣಸ್ತೇನಿ” ಎನ್ನುತ್ತ ತುತ್ತು ಕೊಡುತ್ತಾಳೆ.

ಗುರವ್ವ ಪ್ರತಿ ಸಂಜೆ ಬಂದು ಧಾರಾವಾಹಿ ಹೇಳುತ್ತಾಳೆ, ಗಂಗಾ ಬಿದ್ದಲ್ಲಿಂದ. ಚಂದವ್ವ ಪ್ರತಿ ಸಲವೂ ಬೆರಗಾಗುತ್ತಾಳೆ.

ಮನೆಗೆ ಮರಳುವಾಗ ಗುರವ್ವನಿಗೆ ಒಂದು ಹಳೆಯ ಮಾತು ನೆನಪಾಗುತ್ತದೆ. ಮರೆತವರಿಗೆ ಎಷ್ಟು ಎಪಿಸೋಡಿಗೆ ನೆನಪು ಬರ್ತೈತಿ ಚಂದಕ್ಕಾ ಎಂದು ಅವಳೇ ಒಮ್ಮೆ ಕೇಳಿದ್ದಳು. ಚಂದವ್ವ ಹಣ್ಣಿನಿಂದ ಕಣ್ಣೆತ್ತದೆ ಹೇಳಿದ್ದಳು:

“ನಲವತ್ತು. ಅದಕ್ಕಿಂತ ಜಾಸ್ತಿ ಎಳದ್ರ ಜನ ಬಿಟ್ಟು ಹೋಗ್ತಾರ.”