ಕೋಷ್ಟಕದಲ್ಲಿ ನಾನು ಅಳಿಸದ ಕಾಲಂ

ಹಾವೇರಿಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದ ನಾನು, ತೊಂಬತ್ತರ ದಶಕದ ಕೊನೆಯಲ್ಲಿ ರಾಣೇಬೆನ್ನೂರಿನ ನರ್ಸಿಂಗ್ ಕಾಲೇಜಿಗೆ ಮತ್ತೆ ವಿದ್ಯಾರ್ಥಿನಿಯಾಗಿ ಸೇರಿದೆ. ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ, ಆಸ್ಪತ್ರೆಯವರು ಕೈ ತೊಳೆಯುವ ನಿಯಮವನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದು. ಈ ಬಗ್ಗೆ ಈಗಾಗಲೇ ಪ್ರಕಟವಾದ ಅಧ್ಯಯನಗಳನ್ನೆಲ್ಲ ಓದಿ ಒಂದು ಸಮೀಕ್ಷೆ ಬರೆಯಬೇಕಿತ್ತು.

ಮೊದಲ ಕರಡನ್ನು ನನ್ನ ಗೈಡ್ ಮೇಡಂ ಎರಡೇ ಪುಟ ಓದಿ ಮುಚ್ಚಿದರು. ಧಾರವಾಡದ ಕಡೆಯವರು, ಮಾತು ಕಡಿಮೆ.

"ಇವರು ಹಿಂಗಂದ್ರು, ಅವರು ಹಂಗಂದ್ರು ಅಂತ ಬರದೀರಿ. ಇದು ಸಮೀಕ್ಷೆ ಅಲ್ರಿ, ಹಾಜರಿ ಪುಸ್ತಕ. ಎಲ್ಲಾರನ್ನೂ ಒಟ್ಟಿಗೆ ಕುಂದರಿಸಿದ್ರ ಏನು ತಿಳಿತೈತಿ ಅನ್ನೋದು ಬೇಕು."

"ಈ ಲೇಖನಗಳನ್ನ ಹೆಂಗ ಹುಡುಕಿದ್ರಿ?" ಎಂದೂ ಕೇಳಿದರು. ಕೈಗೆ ಸಿಕ್ಕವನ್ನು ಓದಿದ್ದೆ. ಹಾಗೆಂದು ಹೇಳಲು ನಾಚಿಕೆಯಾಯಿತು.

ಆ ನಾಚಿಕೆಯೇ ನನ್ನನ್ನು ವಾರಕ್ಕೊಮ್ಮೆ ಹುಬ್ಬಳ್ಳಿಯ ರೈಲು ಹತ್ತಿಸಿತು. ಅಲ್ಲಿನ ವೈದ್ಯಕೀಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಪ್ರಕಟಿತ ಲೇಖನಗಳ ಪಟ್ಟಿಯಿದ್ದ ಸಿ.ಡಿ. ಹಾಕಿ ಹುಡುಕಬಹುದಿತ್ತು. ಮೇಡಂ ಹೇಳಿಕೊಟ್ಟಂತೆ ಪದಗಳನ್ನು ಮೂರು ಗುಂಪು ಮಾಡಿಕೊಂಡೆ: ಕೈ ತೊಳೆಯುವುದು, ಆಸ್ಪತ್ರೆಯ ಸಿಬ್ಬಂದಿ, ನಿಯಮ ಪಾಲನೆ. ಒಂದೇ ಗುಂಪಿನ ಸಮಾನ ಪದಗಳ ನಡುವೆ 'ಅಥವಾ', ಗುಂಪು ಗುಂಪುಗಳ ನಡುವೆ 'ಮತ್ತು'. 'ಅಥವಾ' ಹಾಕಿದರೆ ಬಲೆ ದೊಡ್ಡದಾಗುತ್ತದೆ, 'ಮತ್ತು' ಹಾಕಿದರೆ ಬೇಡದ್ದು ಉದುರುತ್ತದೆ. ಯಾವ ದಿನ, ಯಾವ ಪದಗಳು, ಯಾವ ವರ್ಷಗಳು, ಎಷ್ಟು ಸಿಕ್ಕವು, ಯಾವುದನ್ನು ಯಾಕೆ ಬಿಟ್ಟೆ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಸಿ.ಡಿ.ಯಲ್ಲಿ ಇಲ್ಲದ ಹಳೆಯ ವರ್ಷಗಳಿಗೆ ದಪ್ಪನೆಯ ಅಚ್ಚಿನ ಸೂಚಿಗಳನ್ನು ಒಂದೊಂದಾಗಿ ತಿರುವಿದೆ.

ಹೀಗೆ ಸೋಸಿ ಉಳಿದ ಲೇಖನಗಳ ಪ್ರತಿಗಳನ್ನು ಬ್ಯಾಡಗಿಯ ನಮ್ಮ ಮನೆಗೆ ಒಯ್ದೆ. ಕಂದು ಕಾಗದದ ಹಾಳೆಗಳನ್ನು ಅಂಟಿಸಿ ನೆಲಕ್ಕೆ ಹಾಸಿ ಕೋಷ್ಟಕ ಎಳೆದೆ. ಒಂದೊಂದು ಲೇಖನಕ್ಕೆ ಒಂದೊಂದು ಅಡ್ಡಸಾಲು. ಉದ್ದಕ್ಕೆ ಕಾಲಂಗಳು: ಯಾವ ವಾರ್ಡು, ಯಾರನ್ನು ನೋಡಿದರು, ಅವರಲ್ಲಿ ಯಾರು ಎಷ್ಟು ತೊಳೆದರು, ಕಣ್ಣಾರೆ ನೋಡಿದರೋ ಬರೀ ಕೇಳಿ ಬರೆದುಕೊಂಡರೋ, ತೊಳೆಯದಿರಲು ಕಾರಣವೇನು, ಏನು ಮಾಡಿದಾಗ ಸುಧಾರಿಸಿತು, ಅಧ್ಯಯನದ ಕೊರತೆಯೇನು.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮುಗಿಸಿ ಬಂದ ಅವ್ವ ಅದನ್ನು ತುಳಿಯದೆ ಸುತ್ತಿ ಬಂದು ಕೂತಳು. "ಏನವ್ವಾ ಇದು?"

"ಅಡ್ಡ ಓದಿದ್ರ ಒಬ್ಬರ ಮಾತು, ಅವ್ವಾ. ಕೆಳಗಿಳಿದು ಓದಿದ್ರ ಒಂದ ವಿಷಯಕ್ಕ ಎಲ್ಲಾರೂ ಏನಂತಾರ ಅನ್ನೋದು."

"ಹಂಗಾರ ಕೆಳಗಿಳಿದು ಓದು," ಎಂದಳು.

ಓದಿದೆ. ತಾವೇ ಹೇಳಿಕೊಂಡಾಗ ಚೆನ್ನಾಗಿ ತೊಳೆಯುತ್ತೇವೆ ಎಂದವರು, ಬೇರೆಯವರು ನೋಡಿ ಎಣಿಸಿದಾಗ ಅಷ್ಟು ತೊಳೆಯುತ್ತಿರಲಿಲ್ಲ. ಕಾರಣಗಳ ಕಾಲಮಿನಲ್ಲಿ ಸಿಂಕು ದೂರ, ಕೆಲಸದ ಒತ್ತಡ, ಒಡೆದ ಚರ್ಮ ಎಂದು ಮತ್ತೆ ಮತ್ತೆ ಬರುತ್ತಿತ್ತು. ಹಾವೇರಿಯ ನಮ್ಮ ವಾರ್ಡಿನ ಒಂದೇ ನಲ್ಲಿಯಲ್ಲಿ ಬೆಳಿಗ್ಗೆ ಹನ್ನೊಂದರ ನಂತರ ನೀರು ಬರುತ್ತಿರಲಿಲ್ಲ. ಅದು ನನ್ನ ಅನುಭವ, ಕೋಷ್ಟಕದಲ್ಲಿ ಬರೆಯಲಿಲ್ಲ. ಯಾರು ಎಷ್ಟು ತೊಳೆದರು ಎಂಬ ಕಾಲಮಿನಲ್ಲಿ ಇನ್ನೊಂದು ಸಂಗತಿಯಿತ್ತು: ಡಾಕ್ಟರು, ನರ್ಸು ಇಬ್ಬರನ್ನೂ ನೋಡಿದ ಹೆಚ್ಚಿನ ಅಧ್ಯಯನಗಳಲ್ಲಿ ಡಾಕ್ಟರುಗಳು ನರ್ಸುಗಳಿಗಿಂತ ಕಡಿಮೆ ತೊಳೆಯುತ್ತಿದ್ದರು.

ಕಾಲೇಜಿನ ಪ್ರಾಜೆಕ್ಟ್ ಸಮಿತಿಯಲ್ಲಿ ಹಿರಿಯ ಡಾಕ್ಟರೊಬ್ಬರಿದ್ದರು. ನನ್ನ ಸಮೀಕ್ಷೆಯ ಅಧ್ಯಾಯ ಓದಿ ನನ್ನನ್ನೂ ಮೇಡಂ ಅವರನ್ನೂ ಕರೆಸಿದರು.

"ಡಾಕ್ಟರಗೋಳು ಕೈ ತೊಳಿಯೋದಿಲ್ಲಂತ ಬರದೀಯಲ್ಲವ್ವಾ. ನರ್ಸಗೋಳಿಗೆ ತಿಳುವಳಿಕೆ ಕಡಿಮಿ, ತರಬೇತಿ ಕೊಡಬೇಕು ಅಂತ ಬರಿ, ಮುಗೀತು. ಆ ಕಾಲಂ ತೆಗಿ."

"ತೆಗೆಯೂದಿಲ್ರಿ ಸರ್," ಎಂದೆ.

ಮೇಡಂ ನನ್ನ ಕಡೆ ತಿರುಗಿದರು.

"ನಿನಗ ಬೇಕಾದ ಲೇಖನ ಅಷ್ಟ ಆರಿಸಿಕೊಂಡೀದಿ," ಎಂದರು ಡಾಕ್ಟರು.

ನೋಟುಬುಕ್ಕನ್ನು ಮೇಜಿನ ಮೇಲಿಟ್ಟೆ. "ಇದರಾಗ ಎಲ್ಲಾ ಐತ್ರಿ ಸರ್. ಇದ ಪದ, ಇದ ವರ್ಷ ಹಾಕಿ ನೀವ ಹುಡುಕ್ರಿ. ನನ್ನ ಮಾತಿಗೆ ವಿರುದ್ಧ ಇದ್ದುದು ಸಿಕ್ಕರ ಅದನ್ನೂ ಸೇರಸ್ತೇನಿ. ತರಬೇತಿಯಿಂದ ಕೆಲವು ದಿನ ಸುಧಾರಿಸಿ ಮತ್ತ ಇಳೀತು ಅಂತ ಬರದವರನ್ನೂ ಬಿಟ್ಟಿಲ್ರಿ."

ಅವರು ನೋಟುಬುಕ್ಕು ತೆರೆಯಲಿಲ್ಲ. ಮೇಡಂ ತೆರೆದರು, ಒಂದೊಂದೇ ಪುಟ ತಿರುವಿ ನೋಡಿ, "ಹುಡುಕಾಟ ಸರಿ ಐತ್ರಿ ಸರ್. ಅಧ್ಯಾಯ ಹಿಂಗ ಹೋಗ್ಲಿ," ಎಂದರು.

ಕಾಲೇಜಿನ ಪರವಾಗಿ ಆ ಸಮಿತಿ ಕೊಡುವ ಅಂಕಗಳಲ್ಲಿ ನನಗೆ ತರಗತಿಯಲ್ಲೇ ಅತಿ ಕಡಿಮೆ ಬಂತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ನನ್ನನ್ನು ಅರ್ಧ ಗಂಟೆ ಬಿಡಲಿಲ್ಲ.

"ಎಲ್ಲ ಅಧ್ಯಯನಗಳ ಶೇಕಡಾವಾರು ಕೂಡಿಸಿ ಸರಾಸರಿ ಯಾಕೆ ತೆಗೆದಿಲ್ಲ?"

"ಒಬ್ಬರು ರೋಗಿಯನ್ನು ಮುಟ್ಟುವ ಮೊದಲು ತೊಳೆದದ್ದನ್ನು ಎಣಿಸಿದ್ದಾರೆ, ಇನ್ನೊಬ್ಬರು ಮುಟ್ಟಿದ ನಂತರದ್ದನ್ನು. ಕೂಡಿಸಿದರೆ ಅದಕ್ಕೆ ಅರ್ಥವಿಲ್ಲ, ಮೇಡಂ."

"ನಮ್ಮ ದೇಶದ ಅಧ್ಯಯನಗಳು ಇಷ್ಟೇ ಇವೆಯೇ?"

"ಇಷ್ಟೇ ಇವೆ ಅನ್ನಲಾರೆ. ನಾನು ಹುಡುಕಿದ ಸೂಚಿಗಳಲ್ಲಿ ಇಷ್ಟೇ ಸಿಕ್ಕವು. ಅದನ್ನೂ ಬರೆದಿದ್ದೇನೆ."

ಪಾಸಾದೆ. ಬೀಳ್ಕೊಡುಗೆಯ ದಿನ ಗೈಡ್ ಮೇಡಂ ಕಂದು ಕಾಗದದ ಕೋಷ್ಟಕ ಕೇಳಿದರು, ಮುಂದಿನ ತಂಡಕ್ಕೆ ತೋರಿಸಲು. ಸುರುಳಿ ಸುತ್ತಿ ಕೈಗಿಟ್ಟೆ.

"ತೂಗು ಹಾಕುವಾಗ ಆ ಕಾಲಂ ಒಳಗ ಮಡಚಬ್ಯಾಡ್ರಿ ಮೇಡಂ," ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ನನಗ ಹೇಳಾಕ ಬಂದೀಯೇನು," ಎಂದು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಗೆ ಹೋದರು.