ಚಿಕ್ಕಬಸವಯ್ಯನ ಎರವಲು ಸಂಗೀತ

ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದ ಚಿಕ್ಕಬಸವಯ್ಯ, ನಿವೃತ್ತನಾದ ಮೇಲೆ ಸಿನಿಮಾ ತೆಗೆಯುತ್ತೇನೆ ಅಂದಾಗ ಬನ್ನಿಮಂಟಪದ ಬೀದಿಯೇ ನಕ್ಕಿತು. ನಕ್ಕವರೇ ಆಮೇಲೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಅವನ ಕ್ಯಾಮೆರಾ ಮುಂದೆ ಪ್ರಯಾಣಿಕರಾಗಿ ಕೂತರು. ಯಾವ ಶಾಲೆಗೂ ಹೋಗದೆ ಫೋನಿನಲ್ಲೇ ನೋಡಿ ನೋಡಿ ಕಲಿತವನು ಅವನು. ಕಲಿತದ್ದು ಎರಡಾಣೆ, ಅದರ ಜಂಬ ಹದಿನಾರಾಣೆ.

ಚಿತ್ರ ಇಪ್ಪತ್ತೇ ನಿಮಿಷದ್ದು. ಒಬ್ಬ ಕಂಡಕ್ಟರನ ಕೊನೆಯ ದಿನದ ಕೊನೆಯ ಟ್ರಿಪ್ಪು. ಅದರಲ್ಲಿ ಹೂವಿನ ಕೆಂಚಮ್ಮ ತನ್ನ ಪಾತ್ರವನ್ನೇ ಮಾಡಿದ್ದಳು. ಇಪ್ಪತ್ತು ವರ್ಷ ಇವನ ಬಸ್ಸಿನಲ್ಲೇ ಮಾರ್ಕೆಟ್ಟಿಗೆ ಹೋಗಿಬಂದವಳು. ಕೊನೆಯ ದೃಶ್ಯದಲ್ಲಿ ಅವಳು ಕುಕ್ಕೆ ಹೊತ್ತು ಇಳಿಯುತ್ತಾಳೆ, ತಿರುಗಿ ನೋಡದೆ ನಡೆದುಹೋಗುತ್ತಾಳೆ, ಅವಳ ಖಾಲಿ ಸೀಟು ಮಿಂಚಿ ಮರೆಯಾಗುತ್ತದೆ. ಅಷ್ಟೇ. ಆ ಅಷ್ಟಕ್ಕೇ ಚಿಕ್ಕಬಸವಯ್ಯನ ಪ್ರಾಣ ಅಂಟಿಕೊಂಡಿತ್ತು.

ಗ್ರಹಚಾರ ಶುರುವಾದದ್ದು ವಿಜಯನಗರದಲ್ಲಿ, ಅಕ್ಕನ ಮಗ ಮೋಹನ್ ಚಿತ್ರ ಜೋಡಿಸುವಾಗ. ಚಿತ್ರ ಬೋಳು ಬೋಳಾಗಿದೆ ಅಂತ ಅವನು ಯಾವುದೋ ದೊಡ್ಡ ಸಿನಿಮಾದ ಅಳುವ ಪಿಟೀಲುಗಳ ಸಂಗೀತವನ್ನು, ಕೊನೆಯ ದೃಶ್ಯವೂ ಸೇರಿ ಆರು ಕಡೆ, ತಾತ್ಕಾಲಿಕವಾಗಿ ಕೂರಿಸಿದ. "ಸದ್ಯಕ್ಕೆ ಇರ್ಲಿ ಮಾವ, ಆಮೇಲೆ ತೆಗೆಯೋಣ" ಅಂದ. ನಾಲ್ಕು ತಿಂಗಳು ಮಾವ ದಿನಕ್ಕೆ ಎರಡು ಸಲ ಅದನ್ನೇ ನೋಡಿ ಕಣ್ಣೊರೆಸಿಕೊಂಡ. ಎರವಲು ಒಡವೆ ಮೈಗೆ ಒಗ್ಗಿಬಿಟ್ಟರೆ ಸ್ವಂತದ ಸರ ಹಗ್ಗದ ಹಾಗೆ ಕಾಣುತ್ತದೆ.

ಆದರೆ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅವನು ಚಿತ್ರ ಕಳಿಸಬೇಕೆಂದಿದ್ದ ಚಿತ್ರೋತ್ಸವದ ಅರ್ಜಿಯಲ್ಲಿ, ಬೇರೆ ಸಿನಿಮಾದ ಸಂಗೀತ ಇದ್ದರೆ ಚಿತ್ರ ತಿರಸ್ಕೃತ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕಡೆಯ ದಿನ ಸೋಮವಾರ.

ಹೊಸ ಸಂಗೀತ ಮಾಡಲು ಒಪ್ಪಿಕೊಂಡಿದ್ದ ಸರಸ್ವತಿಪುರಂನ ಸಮನ್ವಿತಾ ಪಿಟೀಲು ವಿದ್ವಾಂಸರ ಮೊಮ್ಮಗಳು. ಮನೆಯ ಹಿಂದಿನ ಕೋಣೆಯಲ್ಲೇ ಚಿತ್ರಗಳಿಗೆ ಸಂಗೀತ ಮಾಡುವವಳು. ಮೊದಲು ಜೊತೆಯಲ್ಲಿ ಕೂತು ಚಿತ್ರ ನೋಡೋಣ ಬನ್ನಿ ಅಂತ ಅವಳು ಕರೆದಿದ್ದಳು. ಚಿಕ್ಕಬಸವಯ್ಯ ಬಿಡುವಿಲ್ಲವೆಂದು, ಆ ಪಿಟೀಲುಗಳಿದ್ದ ಪ್ರತಿಯನ್ನೇ ಫೋನಿನಲ್ಲಿ ಕಳಿಸಿ, ಕಲಿತ ವಿದ್ಯೆಯನ್ನೆಲ್ಲ ಕಾರಿದ್ದ: ಅಳುವ ಮೈನರ್ ಸ್ವರ ಹಾಕಿ, ಸ್ಟ್ರಿಂಗ್ಸ್ ಏರಿಸಿ, ಕೊನೆಗೆ ಸದ್ದು ಉಕ್ಕಿಬರುವ ಕ್ರೆಸೆಂಡೊ. ಅವಳು ಹೇಳಿದ್ದನ್ನೇ ಮಾಡಿಕೊಟ್ಟಳು. ಕೇಳಿದರೆ ಕೆಂಚಮ್ಮ ಬಸ್ಸಿನಿಂದಲ್ಲ, ಭೂಮಿಯಿಂದಲೇ ಹೊರಟಹಾಗಿತ್ತು. ಎರಡನೆಯ ಸಲ "ಅದೇ ಥರ ಬೇಕು, ಆದ್ರೆ ಅದಾಗಿರಬಾರದು" ಅಂದ. ಅದೂ ಒಪ್ಪಲಿಲ್ಲ.

"ಈ ಸಲ ಕೂತು ನೋಡೋಣ ಸರ್. ಆಗದಿದ್ರೆ ನಾನು ಬಿಟ್ಟುಬಿಡ್ತೀನಿ, ಬೇಜಾರಿಲ್ಲ" ಅಂದಳು ಸಮನ್ವಿತಾ. ಅವಳು ಬಿಟ್ಟರೆ ಸೋಮವಾರದೊಳಗೆ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಶುಕ್ರವಾರ ಬೆಳಿಗ್ಗೆ ಚಿಕ್ಕಬಸವಯ್ಯ ಮೋಹನನನ್ನೂ ಕರೆದುಕೊಂಡು, ಸಾಕ್ಷಿಗೆ ಇರಲಿ ಅಂತ ಕೆಂಚಮ್ಮನನ್ನೂ ಆಟೋ ಹತ್ತಿಸಿದ.

"ಹಳೇ ಸಂಗೀತದ ಥರ ಇದ್ರೇ ಚೆಂದ ಅಂತ ಒಂದ್ಮಾತು ಹೇಳ್ಬುಡು, ಸಾಕು" ಎಂದು ದಾರಿಯಲ್ಲೇ ಪಾಠ ಮಾಡಿದ.

"ನೀವು ಇಳಿಸ್ದಲ್ಲಿ ಇಳ್ಯೋದು, ಹತ್ತಿಸ್ದಲ್ಲಿ ಹತ್ತೋದು. ನಂಗೇನ್ ಗೊತ್ತು ಕಂಡಕ್ಟ್ರೇ" ಅಂದಳು ಕೆಂಚಮ್ಮ.

ಹಿಂದಿನ ಕೋಣೆಯಲ್ಲಿ ಮೂವರನ್ನೂ ಕೂರಿಸಿ ಸಮನ್ವಿತಾ ಒಂದು ಹಾಳೆ ತೆಗೆದು ಗೆರೆ ಎಳೆದಳು. "ಎಲ್ಲಿ ಸಂಗೀತ ಶುರುವಾಗ್ಬೇಕು, ಎಲ್ಲಿ ನಿಲ್ಬೇಕು, ಯಾಕೆ ಬೇಕು. ಈ ಮೂರೇ ಬರ್ಕೊಳ್ಳೋಣ."

ಚಿಕ್ಕಬಸವಯ್ಯನ ಮುಖ ಅರಳಿತು. "ಅಂದ್ರೆ ಎಲ್ಲಿ ಹತ್ತೋದು, ಎಲ್ಲಿ ಇಳಿಯೋದು, ಎಲ್ಲಿಗೆ ಟಿಕೆಟ್ಟು. ಇದನ್ನ ಮೊದ್ಲೇ ಹೇಳಬಾರದಿತ್ತೇನಮ್ಮ?"

"ಹೇಳೋಕೆ ಕರೆದಿದ್ದೆ, ನೀವು ಬರಲಿಲ್ಲ."

ಮೋಹನ್ ಬಾಯಿ ಮುಚ್ಚಿಕೊಂಡು ನಕ್ಕ. ಸಮನ್ವಿತಾ ಅವನ ಕಡೆ ತಿರುಗಿ, "ನೀವೂ ನಗಬೇಡಿ. ಆ ಪಿಟೀಲನ್ನ ಮೊದ್ಲು ತೆಗೀರಿ, ಮಾತು, ಬಸ್ಸಿನ ಸದ್ದು ಮಾತ್ರ ಇರ್ಲಿ" ಅಂದಳು. ನಗು ಅಲ್ಲಿಗೇ ನಿಂತಿತು.

ಸಂಗೀತವಿಲ್ಲದೆ ಚಿತ್ರ ಓಡಿತು. ಒಂದು ಕಡೆ ಚಿಲ್ಲರೆಗೆ ಜಗಳ ಬಂತು. ಇಲ್ಲಿ ಬೇಕೇ ಎಂದು ಅವಳು ಕೇಳಿದಳು. ಜಗಳಕ್ಕೆ ಯಾರಾದರೂ ತಮಟೆ ಹೊಡೀತಾರಾ, ಬೇಡ ಅಂದ ಚಿಕ್ಕಬಸವಯ್ಯ. ಹೀಗೆ ಆರು ಕಡೆ ಇದ್ದ ಸಂಗೀತ ಎರಡು ಕಡೆಗೆ ಇಳಿಯಿತು. ಟಿಕೆಟ್ಟಿಲ್ಲದವರನ್ನು ಇಳಿಸುವುದು ಅವನಿಗೆ ಅಭ್ಯಾಸವಿದ್ದ ಕೆಲಸ.

ಕೊನೆಯ ದೃಶ್ಯ ಬಂತು. ಬರೀ ಇಂಜಿನ್ನಿನ ಸದ್ದು, ಬಾಗಿಲಿನ ಕಿರಗುಟ್ಟುವಿಕೆ, ಕೆಂಚಮ್ಮನ ಚಪ್ಪಲಿ. ಚಿಕ್ಕಬಸವಯ್ಯನಿಗೆ ಮನೆಗೆ ನೆಂಟರು ಬಂದಾಗ ಪಂಚೆ ಬಿಚ್ಚಿಹೋದಹಾಗಾಯಿತು. ಅದಕ್ಕಿಂತ ಕೆಟ್ಟದ್ದು, ಚಿತ್ರ ವಿಚಿತ್ರವಾಗಿ ತಡವರಿಸಿ ತಡವರಿಸಿ ಓಡುತ್ತಿತ್ತು.

"ಆ ಸಂಗೀತದ ತಾಳಕ್ಕೆ ಸರಿಯಾಗಿ ಕತ್ತರಿಸಿದ್ದೆ ಮಾವ" ಎಂದು ಮೋಹನ್ ಒಪ್ಪಿಕೊಂಡ. "ಅದಿಲ್ದೆ ಹೆಜ್ಜೆ ಕೂಡ್ತಿಲ್ಲ."

"ನನ್ನ ಸಂಗೀತ ಎರಡೂ ಸಲ ಒಪ್ಪದೇ ಇದ್ದದ್ದು ಅದಕ್ಕೇ" ಅಂದಳು ಸಮನ್ವಿತಾ. "ಬೇರೆಯವರ ಅಳತೆಗೆ ಹೊಲಿದ ಅಂಗಿ. ಸರಿ, ಕೆಂಚಮ್ಮನಿಗೆ ಅಲ್ಲಿ ಏನನ್ನಿಸ್ತಿದೆ ಸರ್? ಮೈನರ್ ಗೀನರ್ ಬೇಡ."

"ಏನನ್ನಿಸ್ತದೆ? ದುಃಖ. ಎದೆ ಒಡ್ದೋಗೋವಷ್ಟು. ಹೇಳು ಕೆಂಚಮ್ಮ."

ಕೆಂಚಮ್ಮ ಪರದೆಯ ಕಡೆ ಕತ್ತು ಚಾಚಿದಳು. "ನಾನೆಲ್ಲಿ ಅಳ್ತಾ ಇವ್ನಿ? ಅವತ್ತು ನೂಲುಂಡೆ ಮನೇಲೇ ಬುಟ್ಬಂದಿದ್ನಲ್ಲ, ಮಾಲೆ ಎಂಗೆ ಕಟ್ಲಿ ಅಂತ ಯೋಚ್ನೆ ಮಾಡ್ತಾ ಒಂಟಿದ್ದೆ."

ನಾಲ್ಕು ತಿಂಗಳು ಚಿಕ್ಕಬಸವಯ್ಯ ಒರೆಸಿಕೊಂಡ ಕಣ್ಣೀರು ಯಾರದೋ ಪಿಟೀಲಿನದು. ತನ್ನ ಕೈಯಾರೆ ತೆಗೆದ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಸಾಕ್ಷಿ ತಂದವನೇ ಕಟಕಟೆಯಲ್ಲಿ ನಿಂತಿದ್ದ.

"ಹಾಗಾದ್ರೆ ದುಃಖ ಯಾರದು?" ಎಂದು ಸಮನ್ವಿತಾ ಮೆತ್ತಗೆ ಕೇಳಿದಳು.

ಚಿಕ್ಕಬಸವಯ್ಯ ಕೈಯಲ್ಲಿದ್ದ ಟವೆಲು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅವಳದಲ್ಲ" ಅಂದ. "ನಿಜವಾಗ್ಲೂ ನನ್ನ ಕೊನೇ ಟ್ರಿಪ್ಪಿನ ದಿನ ಇವಳು ಇಳಿದ್ಲು. ಹೋಗಿ ಬತ್ತೀನಿ ಅಂತ ಕೂಡ ಅನ್ನಲಿಲ್ಲ. ನಾನು ಹೋಗಿ ಅವಳ ಸೀಟಲ್ಲಿ ಕೂತೆ. ಸೀಟು ಇನ್ನೂ ಬೆಚ್ಚಗಿತ್ತು ಕಣಮ್ಮ. ಆಳಿಲ್ಲ, ಬಿಸಿ ಇದೆ. ಸಂಗೀತ ಹಂಗಿರ್ಬೇಕು."

ಸಮನ್ವಿತಾ ಹಾಳೆಯಲ್ಲಿ ಒಂದೇ ಒಂದು ಸಾಲು ಬರೆದಳು. "ಅವರು ನಡೆಯುವಾಗ ಏನೂ ಬೇಡ. ಸೀಟು ಕಾಣಿಸಿದ ಮೇಲೆ ಸಂಗೀತ ಹತ್ತುತ್ತೆ. ಮೋಹನ್, ಆ ಖಾಲಿ ಸೀಟು ಎಷ್ಟೊತ್ತಿದೆ?"

"ಒಂದೂವರೆ ಸೆಕೆಂಡು. ಅಲ್ಲಿ ತಾಳ ಮುಗೀತಿತ್ತು."

"ಸೀಟಿನ ಬಿಸಿ ಆರೋವಷ್ಟು ಹೊತ್ತು ಇರ್ಲಿ. ಇವತ್ತೇ ಉದ್ದ ಮಾಡಿ ಕಳಿಸಿ. ಆಮೇಲೆ ಒಂದು ಕೂದಲೆಳೆನೂ ಅಲ್ಲಾಡಿಸ್ಬಾರದು, ನಾನು ಆ ಅಳತೆಗೇ ಮಾಡೋದು. ನೀವೂ ಅಷ್ಟೇ ಸರ್, ಆ ಹಳೇದನ್ನ ಮತ್ತೆ ಕೇಳಬೇಡಿ."

ಮೋಹನ್ ಅಂದೇ ಸೀಟನ್ನು ಒಂಬತ್ತು ಸೆಕೆಂಡಿಗೆ ಎಳೆದ. ಶನಿವಾರವೆಲ್ಲ ಚಿಕ್ಕಬಸವಯ್ಯ ಬೀಡಿ ಬಿಟ್ಟವನ ಹಾಗೆ ಚಡಪಡಿಸಿದ. ಫೋನಿಗೆ ಕೈ ಹೋದಾಗಲೆಲ್ಲ ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟು ಮುಚ್ಚಿದ.

ಭಾನುವಾರ ಮಧ್ಯಾಹ್ನ ಅದೇ ಕೋಣೆಯಲ್ಲಿ ಅದೇ ಮೂವರನ್ನು ಕೂರಿಸಿಕೊಂಡು ಸಮನ್ವಿತಾ ಚಿತ್ರ ಹಾಕಿದಳು. ಕೆಂಚಮ್ಮ ಇಳಿದಳು. ನೂಲಿನ ಯೋಚನೆ ಮಾಡುತ್ತ ನಡೆದಳು. ಬಸ್ಸಿನೊಳಗೆ ಖಾಲಿ ಸೀಟು, ಅದರ ಮೇಲೊಂದು ಮಲ್ಲಿಗೆ ಮೊಗ್ಗು. ಆಗ ಒಂದೇ ಪಿಟೀಲು, ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಷ್ಟು ಸಣ್ಣಗೆ ಬಂದು, ಇಂಜಿನ್ನಿನ ಸದ್ದಿನ ಪಕ್ಕದಲ್ಲೇ ಕೂತು, ಹೇಳದೆ ಕೇಳದೆ ಇಳಿದುಹೋಯಿತು.

"ಇಷ್ಟೇನಾ?" ಅಂದಳು ಕೆಂಚಮ್ಮ. ಅಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ ಸೀಟಲ್ವಾ ಅದು."

"ಸರ್?" ಸಮನ್ವಿತಾ ಕೇಳಿದಳು. ಚಿತ್ರೋತ್ಸವದ ಅರ್ಜಿ ತುಂಬಿದ ಪುಟವನ್ನು ತೆರೆದು ಮೋಹನನೂ ಮಾವನ ಮುಖ ನೋಡುತ್ತಿದ್ದ.

ಹೊಗಳಲು ಚಿಕ್ಕಬಸವಯ್ಯನಿಗೆ ಫೋನಿನಲ್ಲಿ ಕಲಿತ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಸ್ಸಿನ ಮೈ ತಟ್ಟುವ ಹಾಗೆ, ಪಕ್ಕದ ಮೇಜನ್ನು ಅಂಗೈಯಿಂದ ಎರಡು ಸಲ ತಟ್ಟಿದ.

"ರೈಟ್, ರೈಟ್" ಅಂದ.

ಮೋಹನ್ ಗುಂಡಿ ಒತ್ತಿದ. ಚಿತ್ರ ಹೊರಟಿತು.