ನಾಲ್ಕು ಹಾಳೆಯಲ್ಲಿ ಇಲ್ಲದ ‘ಯಾಕೆ’

ನಮ್ಮ ಪತ್ರಿಕೆಯ ವಿಜಯಪುರ ಕಚೇರಿಗೆ ಬರುವ ಪತ್ರಿಕಾ ಪ್ರಕಟಣೆಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತವೆ. ಎಷ್ಟೇ ಉದ್ದವಿರಲಿ, ನೂರು ಪದಕ್ಕೆ ಇಳಿಸಬೇಕು. ಯಾರು, ಏನು, ಯಾವಾಗ, ಯಾಕೆ ಎನ್ನುವುದು ಉಳಿಯಬೇಕು, ಮಿಕ್ಕದ್ದು ಹೋಗಬೇಕು. ವೇದಿಕೆ ಮೇಲೆ ಕೂತವರ ಹೆಸರು ಹೊಡೆದುಹಾಕುವಾಗ ನನಗೆ ಸಿಗುವ ಸುಖವೇ ಬೇರೆ. ಆದರೆ ಆ ಗುರುವಾರ ಮಧ್ಯಾಹ್ನ ಪ್ರಕಟಣೆ ಹಿಡಿದುಕೊಂಡು ಬಂದವಳು ನನ್ನ ಅಕ್ಕ.

ಅಕ್ಕನನ್ನು ಕೊಟ್ಟಿರುವುದು ಮಮದಾಪುರದ ಆಚೆಗಿನ ಸಣ್ಣ ಊರಿಗೆ. ಅವಳ ಮಗಳು ದಿನಾ ವಿಜಯಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಊರಿಗೆ ಹೋಗುವ ಸಂಜೆಯ ಬಸ್ಸು ನಿಂತುಹೋಯಿತು. ಬಬಲೇಶ್ವರದಲ್ಲಿ ಇಳಿದು, ಸಿಕ್ಕ ಗಾಡಿ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಕತ್ತಲು. ಸೋಮವಾರದೊಳಗೆ ಬಸ್ಸು ಬಾರದಿದ್ದರೆ ಕಾಲೇಜು ಬಿಡಿಸುವುದಾಗಿ ಅಕ್ಕನ ಗಂಡ, ನಮ್ಮ ಮಾವ, ಹೇಳಿಬಿಟ್ಟಿದ್ದರು. ಊರಿನವರು ಮರುದಿನ ಬಬಲೇಶ್ವರದ ಬಸ್ ನಿಲ್ದಾಣದ ಮುಂದೆ ಧರಣಿ ಕೂರುವುದೆಂದು ಗೊತ್ತುಮಾಡಿದ್ದರು.

"ನಾಕ ಹಾಳಿ ಐತಿ ತಂಗಿ. ಒಂದಕ್ಷರ ಬಿಡಬ್ಯಾಡ" ಎಂದಳು ಅಕ್ಕ.

"ನೂರು ಶಬ್ದದ ಮ್ಯಾಲ ಜಾಗಾ ಇಲ್ಲ ಅಕ್ಕಾ."

"ಊರ ಹಿರ್ಯಾರ ಹೆಸರಾದ್ರೂ ಹಾಕು. ಹೆಸರು ಬರ್ಲಿಲ್ಲಂದ್ರ ಅವ್ರು ಧರಣಿಗೆ ಬರಂಗಿಲ್ಲ."

"ಹೆಸರಿಗಾಗಿ ಬರವ್ರು ಮನ್ಯಾಗ ಕುಂದರ್ಲಿ ಬಿಡು" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ಕತ್ತರಿಸತೊಡಗಿದೆ. ಮೊದಲ ಹಾಳೆ ಪೂರ್ತಿ ಮಹಿಳೆಯರ ಪ್ರಗತಿಯ ಭಾಷಣ, ಹೋಯಿತು. ಎರಡನೆಯದರಲ್ಲಿ ಯಾರ್‍ಯಾರಿಗೆ ಮನವಿ ಕೊಟ್ಟೆವೆಂಬ ಪುರಾಣ, ಅದೂ ಹೋಯಿತು. ಮೂರನೆಯದು ಬರೀ ಹಿರಿಯರ ಹೆಸರು. ‘ನಾಳೆ’ ಎಂದಿದ್ದನ್ನು ‘ಇಂದು’ ಮಾಡಿದೆ, ಏಕೆಂದರೆ ಜನ ಓದುವುದು ಬೆಳಿಗ್ಗೆ. ಯಾರು, ಏನು, ಯಾವಾಗ ಎಲ್ಲ ಸಿಕ್ಕವು. ಯಾಕೆ ಎಂದು ಹುಡುಕಿದರೆ, ನಾಲ್ಕನೆಯ ಹಾಳೆಯ ಕೊನೆಯಲ್ಲಿ ‘ಸಮರ್ಪಕ ಸಾರಿಗೆ ಸೌಲಭ್ಯಕ್ಕಾಗಿ’ ಎಂದಿತ್ತು. ಈ ‘ಸಮರ್ಪಕ’ ಇಲ್ಲದ ಪ್ರಕಟಣೆಯನ್ನು ನಾನು ನೋಡಿಯೇ ಇಲ್ಲ. ಸಂಜೆ ಬಸ್ಸಿನ ಸುದ್ದಿಯೇ ಇರಲಿಲ್ಲ, ಹುಡುಗಿಯರ ಮಾತಂತೂ ದೂರ ಉಳಿಯಿತು.

"ಇದನ್ನ ಬರ್ದವ್ರು ಯಾರು?"

"ಹಿರ್ಯಾರ. ಹುಡುಗ್ಯಾರ ಸುದ್ದಿ ಪೇಪರ್‌ನಾಗ ಬ್ಯಾಡ ಅಂದ್ರು. ಊರ ಮರ್ಯಾದಿ ಹೋಕ್ಕೈತಂತ."

ನನಗೆ ಗೊತ್ತಿದ್ದದ್ದನ್ನು ನಾನೇ ಸೇರಿಸಲು ಹೊರಟೆ. ನಮ್ಮ ಮುಖ್ಯಸ್ಥರು ಹಿಂದಿನಿಂದಲೇ ನೋಡಿದರು. "ಪ್ರಕಟಣ್ಯಾಗ ಇಲ್ಲದ್ದು ನಾವು ಸೇರ್ಸಂಗಿಲ್ಲ. ತಂದವ್ರೇ ಬರ್ದು ಸಹಿ ಮಾಡ್ಲಿ."

ಅಕ್ಕನ ಮುಂದೆ ಪೆನ್ನು ಇಟ್ಟೆ. ಅವಳು ಮುಟ್ಟಲಿಲ್ಲ.

"ಬರ್ದ್ರ ನಿಮ್ಮ ಮಾವ ನನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ."

"ಬರೀಲಿಲ್ಲಂದ್ರ?"

ಅವಳ ಕಣ್ಣು ತುಂಬಿತು. ಪುಟ ಮುಗಿಸುವ ಹೊತ್ತಾಗಿತ್ತು. ಕೊನೆಗೆ ಪೆನ್ನು ಎತ್ತಿಕೊಂಡು ನಾಲ್ಕನೆಯ ಹಾಳೆಯ ಕೆಳಗೆ ಬರೆದಳು: ಸಂಜೆ ಬಸ್ಸು ನಿಂತಿದ್ದರಿಂದ ನಮ್ಮ ಹೆಣ್ಣುಮಕ್ಕಳ ಕಾಲೇಜು ನಿಲ್ಲುತ್ತಿದೆ. ಅದರ ಕೆಳಗೆ ಸಹಿ ಮಾಡಿದಳು. ಜಾಗ ಕಡಿಮೆ ಬಿದ್ದರೆ ಪುಟ ಕಟ್ಟುವವರು ಸುದ್ದಿಯನ್ನು ಕೆಳಗಿನಿಂದ ಕೊಯ್ಯುತ್ತಾರೆ, ಹಾಗಾಗಿ ಆ ಸಾಲನ್ನು ಎತ್ತಿ ಮೊದಲಿಗೇ ಇಟ್ಟೆ.

ಬೆಳಿಗ್ಗೆ ಸುದ್ದಿ ಬಂತು. ಹಿರಿಯರು ಬರಲಿಲ್ಲ. ಬಿಸಿಲಲ್ಲಿ ಕೂತವರು ಹೆಂಗಸರು ಮಾತ್ರ. ಅಧಿಕಾರಿಯೊಬ್ಬರು ಪತ್ರಿಕೆ ಮಡಚಿ ಹಿಡಿದು ಬಂದು, "ಯಾರ ಮಗಳದ್ರಿ ಕಾಲೇಜು ನಿಲ್ಲಾಕತ್ತದ್ದು?" ಎಂದು ಕೇಳಿದರಂತೆ. ಎಲ್ಲರೂ ತಲೆ ತಗ್ಗಿಸಿದಾಗ ಅಕ್ಕ ಎದ್ದು ನಿಂತು, "ನನ್ನ ಮಗಳದು" ಎಂದಳಂತೆ. ಬಸ್ಸು ಬಿಡುತ್ತೇವೆಂಬ ಮಾತು ಸಿಕ್ಕಿತು, ಧರಣಿ ಮುಗಿಯಿತು. ಮಾವ ಅವಳೊಡನೆ ಮಾತು ಬಿಟ್ಟರು.

ಶನಿವಾರ ಸಾರಿಗೆ ಕಚೇರಿಯಿಂದ ಎರಡು ಹಾಳೆಯ ಪ್ರಕಟಣೆ ಬಂತು. ಓದುವ ಮೊದಲೇ ಅಕ್ಕನಿಗೆ ಫೋನ್ ಮಾಡಿ, ಬಸ್ಸು ಬರುತ್ತದೆ ಎಂದೆ. ಆಮೇಲೆ ನೂರು ಪದಕ್ಕೆ ಇಳಿಸಲು ಕೂತೆ. ಯಾರು, ಏನು, ಯಾಕೆ ಎಲ್ಲ ಇತ್ತು. ಯಾವಾಗ ಎನ್ನುವಲ್ಲಿ ‘ಶೀಘ್ರದಲ್ಲಿಯೇ’ ಎಂದಿತ್ತು. ಪ್ರಕಟಣೆಯ ಕೆಳಗಿದ್ದ ನಂಬರಿಗೆ ಮೇಲಿಂದ ಮೇಲೆ ಫೋನ್ ಹಚ್ಚಿದೆ. ಕಡೆಗೊಮ್ಮೆ ಎತ್ತಿದವರು, "ಅದ್ರಾಗ ಬರ್ದಷ್ಟ ಹಾಕ್ರಿ" ಎಂದು ಇಟ್ಟುಬಿಟ್ಟರು. ಭಾನುವಾರದ ಪತ್ರಿಕೆಯಲ್ಲಿ ‘ಶೀಘ್ರದಲ್ಲಿಯೇ’ ಎಂದೇ ಬಂತು.

ಸೋಮವಾರ ನಸುಕಿನಲ್ಲಿ ಫೋನ್ ಬಂತು. ಅಕ್ಕನ ಮಗಳು.

"ಮಾವಶಿ, ನಾ ಚೀಲಾ ತಗೊಂಡು ನಿಂತೀನಿ. ಅಪ್ಪ ಬಾಗಲದಾಗ ನಿಂತಾನ. ಶೀಘ್ರದಲ್ಲಿಯೇ ಅಂದ್ರ ಇವತ್ತ ಏನು?"